ವಾಷಿಂಗ್ ಮಷೀನ್‌ಗೆ ನಲ್ಲಿ, ಡ್ರೈನ್ ಬೇಕು: ಮನೆ ಓನರ್‌ಗೆ ಪತ್ರ ಹೇಗೆ ಬರೆಯಲಿ?

ಪ್ರಶ್ನೆ: "ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ನಮ್ಮ ಮೇಲೆ ತಾರಸಿ. 7 ಕೆ.ಜಿ. ಫ್ರಂಟ್ ಲೋಡ್ ಮಷೀನ್ ಕೊಂಡಿದ್ದೇವೆ. ಯುಟಿಲಿಟಿಯಲ್ಲಿ ಸಿಂಕ್, ಅದಕ್ಕೊಂದು ನಲ್ಲಿ, ಸಿಂಕ್ ಕೆಳಗೆ ನೆಲದಲ್ಲಿ ಜಾಲಿ ಇದೆ. ಮಷೀನ್‌ಗೆ ಅಂತ ಬೇರೆ ನಲ್ಲಿಯೂ ಇಲ್ಲ, ನೀರು ಹೋಗಲು ದಾರಿಯೂ ಇಲ್ಲ. ಪ್ಲಂಬರ್ ಬಂದು ನೋಡಿ, ಗೋಡೆ ಕೊರೆದು ನಲ್ಲಿ ಕೊಟ್ಟು, ನೀರನ್ನು ಬಾಲ್ಕನಿ ಪೈಪಿಗೆ ಬಿಡುತ್ತೇನೆ ಅಂದ. ಓನರ್‌ಗೆ ಫೋನಿನಲ್ಲಿ ಕೇಳಿದರೆ 'ನೋಡೋಣ' ಅಂದರು, ಒಂದು ತಿಂಗಳಾಯಿತು. ಇದನ್ನು ಮಾಡಿಸಿಕೊಡುವುದು ಅವರ ಹೊಣೆ ಅಲ್ಲವೇ? ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದೇ? ಪತ್ರ ಬರೆದರೆ ಏನೇನು ಬರೆಯಬೇಕು?"

ಉತ್ತರ: ಹೊಣೆಯ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಪತ್ರದ ಧಾಟಿ ಅದರ ಮೇಲೆ ನಿಂತಿದೆ. ಮನೆಯಲ್ಲಿ ಇದ್ದ ನಲ್ಲಿ ಸೋರಿದರೆ ಅದು ರಿಪೇರಿ. ಇಲ್ಲದ ನಲ್ಲಿಯನ್ನು ಕೇಳಿದರೆ ಅದು ಹೊಸ ಕೆಲಸ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಇಂಥ ವಿಷಯಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಮಾಲೀಕ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು ಎಂದು ಅದು ಹೇಳುತ್ತದೆ. ಹೊಸ ನಲ್ಲಿ, ಹೊಸ ಡ್ರೈನ್ ಇದರೊಳಗೆ ಬರುವುದಿಲ್ಲ. ನೀವು ಹಿಡಿದುಕೊಂಡ ಹಣ ಅವರ ಲೆಕ್ಕದಲ್ಲಿ ಬಾಡಿಗೆ ಬಾಕಿಯಾಗುತ್ತದೆ, ಮುಂದೆ ಅಡ್ವಾನ್ಸ್ ವಾಪಸ್ ಕೇಳುವಾಗ ನಿಮ್ಮ ಕೈ ಕಟ್ಟಿಹೋಗುತ್ತದೆ. ಹಾಗಾಗಿ ಪತ್ರ ಹಕ್ಕಿನ ಪತ್ರವಾಗುವುದು ಬೇಡ, ಒಪ್ಪಿಗೆ ಕೇಳುವ ಪತ್ರವಾಗಲಿ.

ಅದೇ ಸೆಕ್ಷನ್‌ನಲ್ಲಿ ನಿಮಗೆ ಅನುಕೂಲವಾದ ಮಾತೂ ಒಂದಿದೆ. ಮನೆ ಇನ್ನೂ ನಿಮ್ಮ ವಶದಲ್ಲಿ ಇರುವಾಗ ನೀವು ಹಾಕಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ನಿಮಗೆ ಸಿಕ್ಕಿದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಇದನ್ನು ಪತ್ರದಲ್ಲಿ ಬಳಸಿಕೊಳ್ಳುತ್ತೇವೆ. ನಿಮ್ಮ ಅಗ್ರಿಮೆಂಟ್ ಕೂಡ ತೆಗೆದು ಓದಿ. "ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವುದೇ ಮಾರ್ಪಾಡು ಮಾಡಕೂಡದು" ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಫೋನಿನಲ್ಲಿ "ಸರಿ ಮಾಡಿಸಿಕೊಳ್ಳಿ" ಅಂದರೂ ಆ ಸಾಲಿನ ಮುಂದೆ ಅದಕ್ಕೆ ಬೆಲೆ ಕಡಿಮೆ.

ಇನ್ನು ಆ 'ನೋಡೋಣ'. ನಲ್ಲಿಯ ಬೆಲೆಗೆ ಹೆದರಿ ಹಾಗೆನ್ನುವ ಓನರ್ ಕಡಿಮೆ. ಅವರ ಭಯ ತೇವದ್ದು. ಟೈಲ್ಸ್ ಒಡೆದು ಗೋಡೆಯೊಳಗೆ ಪೈಪ್ ಕೂರಿಸಿದ ಮೇಲೆ, ಆರು ತಿಂಗಳಿಗೆ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಂದು ಕಲೆ ಕಾಣಿಸಿಕೊಂಡರೆ ಉತ್ತರ ಹೇಳಬೇಕಾದವರು ಅವರು. ಅಷ್ಟು ಹೊತ್ತಿಗೆ ನೀವು ಮನೆ ಬದಲಾಯಿಸಿರಬಹುದು. "ಮಷೀನ್‌ಗೆ ಪಾಯಿಂಟ್ ಬೇಕು ಸಾರ್" ಎಂಬ ಒಂದೇ ಮಾತು ಕೇಳಿದಾಗ ಅವರ ಕಣ್ಣ ಮುಂದೆ ಬರುವುದು ಈ ಚಿತ್ರ. ಎಲ್ಲಿ, ಏನು, ಎಷ್ಟು ಒಡೆಯುತ್ತೇವೆ ಎಂಬುದಕ್ಕೆ ಪತ್ರದಲ್ಲಿ ನೇರ ಉತ್ತರ ಇರಬೇಕು. ನಿಮ್ಮ ಮನೆಯ ಮಟ್ಟಿಗೆ ಆ ಉತ್ತರ "ಏನನ್ನೂ ಒಡೆಯುವುದಿಲ್ಲ" ಎಂದಾಗಬಲ್ಲದು. ಅದಕ್ಕೆ ಪ್ಲಂಬರ್ ಹೇಳಿದ ಯೋಜನೆಯನ್ನು ಕೈಬಿಡಬೇಕು.

ಅದರಲ್ಲಿ ದೊಡ್ಡ ತಪ್ಪು ಬಾಲ್ಕನಿ ಪೈಪಿನದು. ಬಾಲ್ಕನಿಯ ತೂತು ಮಳೆನೀರಿನ ಪೈಪಿಗೆ ಸೇರಿರುತ್ತದೆ, ಚರಂಡಿ ಪೈಪಿಗೆ ಅಲ್ಲ. ಬೆಂಗಳೂರಿನಲ್ಲಿ 2009ರಿಂದ 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಆ ಪೈಪಿನ ಇನ್ನೊಂದು ತುದಿ ಸಂಪಿನಲ್ಲೋ ಇಂಗುಗುಂಡಿಯಲ್ಲೋ ಇರಬಹುದು. ಸೋಪಿನ ನೀರು ಅಲ್ಲಿಗೆ ಹೋದರೆ ಇಡೀ ಕಟ್ಟಡ ಬಳಸುವ ನೀರು ಕೆಡುತ್ತದೆ. ಹಾಗೆ ಸಂಗ್ರಹಕ್ಕೆ ಹೋಗದಿದ್ದರೂ ನೊರೆ ಕೆಳಗಿನವರ ಬಾಲ್ಕನಿಯಲ್ಲೋ ಅಂಗಳದಲ್ಲೋ ಉಕ್ಕುತ್ತದೆ. ಈ ಪೈಪಿಗೆ ವಾಸನೆ ತಡೆಯುವ ಟ್ರ್ಯಾಪ್ ಕೂಡ ಇರುವುದಿಲ್ಲ. ಪ್ಲಂಬರ್‌ಗೆ ಹತ್ತಿರದ ತೂತು ಸುಲಭ, ಅಷ್ಟೇ. ಓನರ್ ಬೇಡವೆಂದರೆ ಇದೊಂದೇ ಕಾರಣ ಸಾಕು.

ನೀರು ಹೋಗಬೇಕಾದ್ದು ನಿಮ್ಮ ಸಿಂಕ್ ಕೆಳಗಿನ ಜಾಲಿಗೆ. ಅದರಡಿ ಟ್ರ್ಯಾಪ್ ಇದ್ದು, ಅದರಲ್ಲಿ ನಿಂತ ನೀರು ಚರಂಡಿಯ ವಾಸನೆಯನ್ನು ತಡೆಯುತ್ತದೆ. ಆದರೆ ಮಷೀನ್‌ನ ಪೈಪನ್ನು ಸುಮ್ಮನೆ ನೆಲಕ್ಕೆ ಎಳೆದು ಜಾಲಿಯ ಮೇಲೆ ಬಿಡುವ ಹಾಗಿಲ್ಲ. ಫ್ರಂಟ್ ಲೋಡ್‌ನಲ್ಲಿ ನೀರನ್ನು ಪಂಪ್ ಮೇಲಕ್ಕೆತ್ತಿ ಹೊರಹಾಕುತ್ತದೆ. ಅದರ ಡ್ರೈನ್ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ., ಅಂದರೆ ಎರಡರಿಂದ ಮೂರು ಅಡಿ ಎತ್ತರದಲ್ಲಿ ಇರಬೇಕು. ತುದಿ ಕೆಳಗಿದ್ದರೆ ಒಳಗೆ ತುಂಬುತ್ತಿರುವ ನೀರು ತಾನಾಗಿಯೇ ಹೊರಗೆ ಹರಿದುಹೋಗುತ್ತದೆ. ಮಷೀನ್ ತುಂಬಿಸುತ್ತಲೇ ಇರುತ್ತದೆ, ಕೊನೆಗೆ ಎರರ್ ತೋರಿಸಿ ನಿಲ್ಲುತ್ತದೆ. ನೀರು ತುಂಬುವ ಹೊತ್ತಿನಲ್ಲೇ ಜಾಲಿಯ ಬಳಿ ಹರಿಯುವ ಸದ್ದು ಕೇಳಿದರೆ ಇದೇ ಕಾರಣ ಎಂದು ತಿಳಿಯಿರಿ. ತುದಿ ಮೂರೂಕಾಲು ಅಡಿಗಿಂತ ಮೇಲಿದ್ದರೆ ಪಂಪ್‌ಗೆ ಪೂರ್ತಿ ಎತ್ತಲು ಆಗುವುದಿಲ್ಲ, ಕೊಳೆ ನೀರು ಡ್ರಮ್ಮಿಗೆ ವಾಪಸ್ ಇಳಿಯುತ್ತದೆ.

ಆದ್ದರಿಂದ ಮಷೀನ್‌ನ ಹಿಂದೆ ಗೋಡೆಗೆ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಎರಡೂವರೆ ಅಡಿ ಎತ್ತರಕ್ಕೆ ನೇರವಾಗಿ ನಿಲ್ಲಿಸಿ, ಕೆಳಗೆ ಬಾಗಿಸಿ, ಗೋಡೆಯ ಬುಡದಲ್ಲೇ ಜಾಲಿಯವರೆಗೆ ತರಬೇಕು. ಮಷೀನ್ ಇಡುವ ಜಾಗ ಜಾಲಿಯಿಂದ ನಾಲ್ಕು ಅಡಿ ದೂರ ಎಂದುಕೊಂಡರೆ, ಆ ನಾಲ್ಕು ಅಡಿಯಲ್ಲಿ ಪೈಪ್ ಸುಮಾರು ಒಂದೂಕಾಲು ಇಂಚು ಇಳಿಯಬೇಕು, 40ಕ್ಕೆ 1ರ ಇಳಿಜಾರು. ಇಳಿಜಾರು ಕಡಿಮೆಯಾದರೆ ಬಟ್ಟೆಯ ನಾರು, ಸೋಪಿನ ಜಿಡ್ಡು ಪೈಪಿನಲ್ಲೇ ಕೂರುತ್ತವೆ. ತಿರುವಿನಲ್ಲಿ ಒಂದು 90 ಡಿಗ್ರಿ ಎಲ್ಬೋ ಹಾಕುವ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿದರೆ ಕಟ್ಟಿಕೊಳ್ಳುವುದು ಇನ್ನೂ ಕಡಿಮೆ. ಕೊನೆಯಲ್ಲಿ ಪೈಪ್ ಇಳಿಯಲು ತೂತು ಇರುವ ಜಾಲಿಯ ಮುಚ್ಚಳ ಸ್ಯಾನಿಟರಿ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಮುಚ್ಚಳವನ್ನು ಎತ್ತಿಟ್ಟುಕೊಳ್ಳಿ, ಮನೆ ಬಿಡುವಾಗ ಬೇಕಾಗುತ್ತದೆ. ಗೋಡೆಗೆ ನಾಲ್ಕೈದು ಕ್ಲ್ಯಾಂಪಿನ ಸ್ಕ್ರೂ ಬಿಟ್ಟರೆ ಏನೂ ಇಲ್ಲ. ಅವನ್ನೂ ಟೈಲ್ಸ್ ಮಧ್ಯದ ಸಂದಿಯಲ್ಲಿ ಹಾಕಿಸಿ. ನೆಲಕ್ಕೆ ಮಾತ್ರ ಡ್ರಿಲ್ ತಾಗಿಸಬೇಡಿ, ಯುಟಿಲಿಟಿ ನೆಲದ ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಇರುತ್ತದೆ.

ಮಷೀನ್‌ನ ಪೈಪನ್ನು ಈ ನಿಂತ ಪೈಪಿನೊಳಗೆ ನಾಲ್ಕೈದು ಇಂಚು ಮಾತ್ರ ಇಳಿಬಿಡಿ. ಸುತ್ತ ಟೇಪ್ ಸುತ್ತಿ ಬಿಗಿ ಮಾಡಬಾರದು. ಗಾಳಿ ಆಡದಿದ್ದರೆ ಎತ್ತರ ಸರಿಯಿದ್ದರೂ ಡ್ರಮ್ಮಿನ ನೀರು ಎಳೆದುಕೊಂಡು ಹೋಗುತ್ತದೆ. ಜಾರಿ ಹೊರಬರದಂತೆ ಮೇಲೆ ಒಂದು ಕ್ಲಿಪ್ ಹಾಕಿದರೆ ಸಾಕು.

ಇದನ್ನೆಲ್ಲ ಓನರ್‌ಗೆ ಹೇಳುವ ಮೊದಲು ಒಂದು ಪರೀಕ್ಷೆ ಮಾಡಿ. 15 ಲೀಟರಿನ ಬಕೆಟ್ ತುಂಬ ನೀರನ್ನು ಒಂದು ನಿಮಿಷದೊಳಗೆ ಜಾಲಿಗೆ ಸುರಿಯಿರಿ. ನೀರು ನಿಲ್ಲದೆ ಇಳಿದರೆ ಮಷೀನ್‌ನ ನೀರೂ ಇಳಿಯುತ್ತದೆ. ಮೇಲಕ್ಕೆ ಉಕ್ಕಿದರೆ ಟ್ರ್ಯಾಪ್‌ನಲ್ಲಿ ಅಡುಗೆ ಜಿಡ್ಡು ಕಟ್ಟಿದೆ, ಮೊದಲು ಅದನ್ನು ತೆಗೆಸಬೇಕು. ಪರೀಕ್ಷೆಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಪತ್ರದ ಜೊತೆ ಕಳಿಸಲು.

ನೀರು ಬರುವ ಕಡೆ ಕೆಲಸ ಇನ್ನೂ ಸಣ್ಣದು. ಸಿಂಕಿನ ನಲ್ಲಿ ಇರುವ ಪಾಯಿಂಟ್‌ನಲ್ಲೇ ಎರಡು ಬಾಯಿಯ ನಲ್ಲಿ ಕೂರಿಸಬಹುದು. ಅಂಗಡಿಯಲ್ಲಿ ಟೂ-ವೇ ನಲ್ಲಿ ಎಂದು ಕೇಳಿ. ಗೋಡೆಯ ಕಡೆ ಅರ್ಧ ಇಂಚು, ಮಷೀನ್ ಕಡೆಯ ಬಾಯಿ ಮುಕ್ಕಾಲು ಇಂಚಿನ ಸ್ಕ್ರೂ ಥ್ರೆಡ್‌ನದ್ದಾಗಿರಬೇಕು, ಎರಡು ಬಾಯಿಗೂ ಬೇರೆ ಬೇರೆ ತಿರುಗುಕೀ ಇರಬೇಕು. ಮಷೀನ್ ಜೊತೆ ಬಂದ ಇನ್ಲೆಟ್ ಪೈಪ್ ಮುಕ್ಕಾಲು ಇಂಚಿನದು, ನೇರವಾಗಿ ಕೂರುತ್ತದೆ. ಅದು ಸಾಮಾನ್ಯವಾಗಿ ಒಂದೂವರೆ ಮೀಟರ್ ಉದ್ದ ಇರುತ್ತದೆ, ನಾಲ್ಕು ಅಡಿ ದೂರಕ್ಕೆ ಸಾಲುತ್ತದೆ.

ಇಲ್ಲೊಂದೇ ಅಪಾಯ, ಆದರೆ ನಿಜವಾದದ್ದು. ಹಳೆ ನಲ್ಲಿಯನ್ನು ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದಾಗ ಗೋಡೆಯೊಳಗಿನ ಎಲ್ಬೋ ಕೂಡ ತಿರುಗಿ ಬಿರುಕು ಬಿಡಬಹುದು. ಹೊಸದನ್ನು ಅತಿಯಾಗಿ ಬಿಗಿದರೂ ಹೀಗೇ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ನೀರು ಗೋಡೆಯೊಳಗೇ ಸೋರುತ್ತದೆ. ಆದ್ದರಿಂದ ಈ ಕೆಲಸವನ್ನು ಓನರ್ ಹೇಳಿದ ಪ್ಲಂಬರ್ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಪೈಪ್ ಎಲ್ಲಿ ಹೋಗಿದೆ, ಸಿಪಿವಿಸಿಯೋ ಕಬ್ಬಿಣದ್ದೋ ಎಂಬುದು ಆ ಕಟ್ಟಡದಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. ಏನಾದರೂ ಆದರೆ "ನಿಮ್ಮ ಪ್ಲಂಬರ್ ಕೆಡಿಸಿದ" ಎಂಬ ಮಾತೂ ಬರುವುದಿಲ್ಲ.

ನೀವು ಮೇಲಿನ ಮಹಡಿಯಲ್ಲಿ ಇರುವುದರಿಂದ ನೀರಿನ ಒತ್ತಡವನ್ನೂ ನೋಡಬೇಕು. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್. ನಿಮ್ಮ ತಾರಸಿಯ ಟ್ಯಾಂಕ್ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ನಿಮ್ಮ ಮಷೀನ್‌ಗೆ ಕನಿಷ್ಠ ಎಷ್ಟು ಬೇಕೆಂದು ಅದರ ಪುಸ್ತಿಕೆಯಲ್ಲಿ ಬರೆದಿರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಟ್ಯಾಂಕ್ ಅರ್ಧ ಖಾಲಿ ಇರುವ ಹೊತ್ತಿನಲ್ಲಿ ಸಿಂಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿ 10 ಲೀಟರಿನ ಬಕೆಟ್ ಹಿಡಿಯಿರಿ. ಒಂದೂವರೆ ನಿಮಿಷದೊಳಗೆ ತುಂಬಿದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಮೂರು ನಿಮಿಷ ಹಿಡಿದರೆ ಎಷ್ಟು ಚೆನ್ನಾಗಿ ಪಾಯಿಂಟ್ ಹಾಕಿಸಿದರೂ ಮಷೀನ್ "ನೀರು ಬರುತ್ತಿಲ್ಲ" ಎಂದು ನಿಲ್ಲುತ್ತಿರುತ್ತದೆ. ಆಗ ಸಣ್ಣ ಪ್ರೆಷರ್ ಪಂಪ್ ಬೇಕಾಗುತ್ತದೆ, ಅದನ್ನೂ ಈ ಪತ್ರದಲ್ಲೇ ಕೇಳಬೇಕಾಗುತ್ತದೆ.

ಕರೆಂಟ್ ಪಾಯಿಂಟ್ ಕೂಡ ಹಾಗೆಯೇ. ಫ್ರಂಟ್ ಲೋಡ್‌ನಲ್ಲಿ ನೀರು ಕಾಯಿಸುವ ಹೀಟರ್ ಸುಮಾರು 2,000 ವ್ಯಾಟ್ ಎಳೆಯುತ್ತದೆ. ದಪ್ಪ ಮೂರು ಪಿನ್ನಿನ 16 ಆಂಪ್ ಸಾಕೆಟ್, ಸರಿಯಾದ ಅರ್ತ್ ಸಮೇತ ಬೇಕು. ಮಿಕ್ಸಿಯ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದರೆ ಒದ್ದೆ ಜಾಗದಲ್ಲಿ ಬಿಸಿಯಾಗುವ ವೈರ್ ಇಟ್ಟಂತೆ. ಯುಟಿಲಿಟಿಯಲ್ಲಿ ಅಂಥ ಸಾಕೆಟ್ ಇಲ್ಲದಿದ್ದರೆ ಈಗಲೇ ಕೇಳಿ. ಒಂದು ಸಲ ಒಪ್ಪಿಸಿದ ಮೇಲೆ ಎರಡನೇ ಬೇಡಿಕೆ ಹಿಡಿದು ಹೋದರೆ ಓನರ್‌ಗೆ ಮೊದಲನೆಯದರ ಬಗ್ಗೆಯೂ ಅನುಮಾನ ಹುಟ್ಟುತ್ತದೆ.

ಈಗ ಪತ್ರ. ಒಂದು ಪುಟ ಮೀರಬಾರದು.

ದಿನಾಂಕ: ________

ಇವರಿಗೆ: ಶ್ರೀ/ಶ್ರೀಮತಿ ________ (ಮನೆ ಮಾಲೀಕರು)
ಇವರಿಂದ: ________, ಮೂರನೇ ಮಹಡಿ, ಮನೆ ಸಂಖ್ಯೆ ________

ವಿಷಯ: ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್‌ಗೆ ನೀರಿನ ಸಂಪರ್ಕ ಮತ್ತು ಡ್ರೈನ್ ಕಲ್ಪಿಸಲು ಒಪ್ಪಿಗೆ ಕೋರಿ

ಮಾನ್ಯರೇ,

ನಮಸ್ಕಾರ. ಕಳೆದ ತಿಂಗಳು ಫೋನಿನಲ್ಲಿ ತಮ್ಮೊಂದಿಗೆ ಮಾತಾಡಿದ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ. ನಮ್ಮದು 7 ಕೆ.ಜಿ. ಫ್ರಂಟ್ ಲೋಡ್ ಮಷೀನ್. ಯುಟಿಲಿಟಿಯಲ್ಲಿ ಸಿಂಕಿನ ಪಕ್ಕದ ಖಾಲಿ ಜಾಗದಲ್ಲಿ ಇಡಬೇಕೆಂದಿದ್ದೇವೆ.

ಗೋಡೆ, ನೆಲ, ಟೈಲ್ಸ್ ಯಾವುದನ್ನೂ ಒಡೆಯದೆ ಈ ಕೆಲಸ ಆಗುತ್ತದೆ. ನೀರಿಗಾಗಿ ಸಿಂಕಿನ ಈಗಿನ ನಲ್ಲಿಯ ಜಾಗದಲ್ಲಿ ಎರಡು ಬಾಯಿಯ ನಲ್ಲಿ ಹಾಕಿಸುತ್ತೇವೆ. ಡ್ರೈನ್‌ಗಾಗಿ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಗೋಡೆಯ ಮೇಲೆ ಕ್ಲ್ಯಾಂಪ್ ಮಾಡಿ ಸಿಂಕ್ ಕೆಳಗಿನ ಜಾಲಿಗೆ ಬಿಡುತ್ತೇವೆ. ಬಾಲ್ಕನಿಯ ಮಳೆನೀರಿನ ಪೈಪಿಗೆ ಸೋಪಿನ ನೀರು ಹೋಗುವುದಿಲ್ಲ. ಜಾಲಿಗೆ ಬಕೆಟ್ ನೀರು ಸುರಿದು ನೋಡಿದ್ದೇವೆ, ನಿಲ್ಲದೆ ಇಳಿಯುತ್ತದೆ. ಫೋಟೋ ಮತ್ತು ವಿಡಿಯೋ ಕಳಿಸಿದ್ದೇನೆ.

ಸಾಮಾನು, ಕೂಲಿ ಸೇರಿ ರೂ. ________ ಆಗಬಹುದೆಂದು ಅಂದಾಜು. ಈ ಖರ್ಚು ನಮ್ಮದು, ಬಾಡಿಗೆಯಲ್ಲಾಗಲಿ ಅಡ್ವಾನ್ಸಿನಲ್ಲಾಗಲಿ ಕೇಳುವುದಿಲ್ಲ. ತಮಗೆ ಪರಿಚಯದ ಪ್ಲಂಬರ್ ಇದ್ದರೆ ಅವರಿಂದಲೇ ಮಾಡಿಸುತ್ತೇವೆ. ಈ ಸಂಪರ್ಕದಿಂದ ಸೋರಿಕೆಯಾದರೆ ಸರಿಪಡಿಸುವ ಹೊಣೆ ನಮ್ಮದು. ಮನೆ ಬಿಡುವಾಗ ತಾವು ಹೇಳಿದಂತೆ ಹಾಗೆಯೇ ಬಿಡುತ್ತೇವೆ, ಇಲ್ಲವೇ ಬಿಚ್ಚಿಸಿ ಹಳೆಯ ನಲ್ಲಿ, ಜಾಲಿ ಕೂರಿಸಿ, ಸ್ಕ್ರೂ ತೂತು ಮುಚ್ಚಿಸಿ ಕೊಡುತ್ತೇವೆ.

ಯುಟಿಲಿಟಿಯಲ್ಲಿ 16 ಆಂಪ್ ಸಾಕೆಟ್ ಇಲ್ಲ. ಅದು ಮನೆಯಲ್ಲೇ ಉಳಿಯುವ ಕೆಲಸವಾದ್ದರಿಂದ ತಮ್ಮ ಎಲೆಕ್ಟ್ರಿಷಿಯನ್ ಮೂಲಕ ತಾವೇ ಹಾಕಿಸಿಕೊಡಬೇಕೆಂದು ವಿನಂತಿ.

________ನೇ ತಾರೀಖು, ಭಾನುವಾರ ಬೆಳಿಗ್ಗೆ ಕೆಲಸ ಇಟ್ಟುಕೊಳ್ಳಬಹುದೇ ಎಂದು ತಿಳಿಸಿ. ಬಿಡುವಿದ್ದರೆ ತಾವೂ ಬಂದು ನೋಡಿ.

ಇಂತಿ ತಮ್ಮ ವಿಶ್ವಾಸಿ,
________

ಮಾಲೀಕರ ಒಪ್ಪಿಗೆ: ಮೇಲಿನ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ. ಮನೆ ಬಿಡುವಾಗ ಈ ಸಂಪರ್ಕವನ್ನು ಹಾಗೆಯೇ ಬಿಡಬೇಕು / ಬಿಚ್ಚಬೇಕು. (ಒಂದನ್ನು ಹೊಡೆದುಹಾಕಿ)
ಸಹಿ: ________ ದಿನಾಂಕ: ________

ಖರ್ಚನ್ನು ನೀವೇ ಹೊರಬೇಕೆಂದು ಬರೆದಿದ್ದೇಕೆ ಎಂದರೆ, ಈ ಕೆಲಸದಲ್ಲಿ ಹಣ ಸಣ್ಣದು, ಒಪ್ಪಿಗೆ ದೊಡ್ಡದು. ಖರ್ಚಿನಲ್ಲಿ ಪಾಲು ಕೇಳಿದರೆ ಇನ್ನೊಂದು ತಿಂಗಳು ಚೌಕಾಸಿಗೆ ಹೋಗುತ್ತದೆ. ಸಾಕೆಟ್‌ನದು ಬೇರೆ ಮಾತು. ಅದಕ್ಕೆ ಮನೆಯ ಎಂಸಿಬಿ ಬೋರ್ಡಿನಿಂದ ಪ್ರತ್ಯೇಕ ವೈರ್ ಬರಬೇಕು, ಮುಂದಿನ ಬಾಡಿಗೆದಾರರಿಗೂ ಉಳಿಯುತ್ತದೆ. ಅದನ್ನು ಅವರ ಪಾಲಿಗೆ ಬಿಡುವುದು ನ್ಯಾಯ. ಆಗಲೇ ಸಾಕೆಟ್ ಇದ್ದರೆ ಆ ಭಾಗ ತೆಗೆದುಬಿಡಿ.

"ಸೋರಿಕೆಯಾದರೆ ಹೊಣೆ ನಮ್ಮದು" ಎನ್ನುವಾಗ "ಈ ಸಂಪರ್ಕದಿಂದ" ಎಂಬ ಎರಡು ಪದ ಬಿಡಬೇಡಿ. ಅವು ಇಲ್ಲದಿದ್ದರೆ ಕಟ್ಟಡದಲ್ಲಿ ಮೊದಲೇ ಇದ್ದ ತೇವವೂ ನಿಮ್ಮ ತಲೆಗೆ ಬರಬಹುದು. ಅದಕ್ಕಾಗಿಯೇ ಕೆಲಸಕ್ಕೆ ಮುಂಚೆ ಸಿಂಕಿನ ಗೋಡೆಯ ಎರಡೂ ಬದಿ ಮತ್ತು ನೆಲದ ಫೋಟೋ ತೆಗೆದಿಡಿ. ಕೆಳಗಿನ ಮನೆಯವರು ಪರಿಚಯವಿದ್ದರೆ ಅವರ ಯುಟಿಲಿಟಿ ಸೀಲಿಂಗ್‌ನದೂ ಒಂದು ಫೋಟೋ ಇರಲಿ.

ಪತ್ರವನ್ನು ಎರಡು ಪ್ರತಿ ಮಾಡಿ ಕೈಯಲ್ಲಿ ಕೊಟ್ಟು, ಒಂದಕ್ಕೆ ಸಹಿ ಹಾಕಿಸಿಕೊಳ್ಳುವುದು ಉತ್ತಮ. ಓನರ್ ದೂರದ ಊರಿನಲ್ಲಿದ್ದರೆ ವಾಟ್ಸಾಪ್‌ನಲ್ಲಿ ಕಳಿಸಿ, "ಒಪ್ಪಿಗೆ ಇದೆ" ಎಂದು ಅವರು ಅಕ್ಷರದಲ್ಲೇ ಬರೆಯುವಂತೆ ಕೇಳಿ. ಹೆಬ್ಬೆರಳಿನ ಚಿಹ್ನೆಯನ್ನು ಒಪ್ಪಿಗೆ ಎಂದುಕೊಂಡು ಕೆಲಸ ಶುರು ಮಾಡಬೇಡಿ. ಸಂಘ ಇರುವ ಅಪಾರ್ಟ್‌ಮೆಂಟ್ ಆದರೆ ಪತ್ರದ ಇನ್ನೊಂದು ಪ್ರತಿ ಸಂಘಕ್ಕೂ ಹೋಗಬೇಕು, ಅದನ್ನು ಓನರ್ ಮೂಲಕವೇ ಕೊಡಿಸಿ.

ಇಷ್ಟಾದರೂ ಬೇಡ ಎಂದರೆ? ಏನನ್ನೂ ಬದಲಿಸದ ದಾರಿಯೂ ಇದೆ. ಮಷೀನ್‌ನ ಡ್ರೈನ್ ಪೈಪಿಗೆ ಬರುವ ಪ್ಲಾಸ್ಟಿಕ್ ಕೊಕ್ಕೆಯಿಂದ ಅದನ್ನು ಸಿಂಕಿನ ಅಂಚಿಗೆ ನೇತುಹಾಕಬಹುದು, ಸಿಂಕಿನ ಎತ್ತರ ಆ ಎರಡು–ಮೂರು ಅಡಿಯೊಳಗೇ ಬರುತ್ತದೆ. ಈಗಿನ ನಲ್ಲಿಯ ಮೂತಿಗೆ ಸ್ಕ್ರೂ ಇರುವ ಅಡಾಪ್ಟರ್ ಹಾಕಿ ನೀರು ಕೊಡಬಹುದು. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಪಂಪ್ ಶುರುವಾದಾಗ ಪೈಪ್ ಜಿಗಿದು ಸಿಂಕಿನಿಂದ ಹೊರಬೀಳುತ್ತದೆ, ದಾರದಿಂದ ನಲ್ಲಿಗೆ ಕಟ್ಟಬೇಕು. ಸಿಂಕಿನ ಬಾಯಿಗೆ ಅನ್ನದ ಅಗುಳೋ ತಟ್ಟೆಯೋ ಅಡ್ಡ ಬಂದರೆ ನೀರೆಲ್ಲ ನೆಲಕ್ಕೆ ಬರುತ್ತದೆ. ಒತ್ತಿ ಕೂರಿಸುವ ಅಡಾಪ್ಟರ್ ಒತ್ತಡಕ್ಕೆ ಕಳಚಿಕೊಳ್ಳಬಹುದು. ಆದ್ದರಿಂದ ಮಷೀನ್ ಓಡುವಷ್ಟು ಹೊತ್ತು ಮನೆಯಲ್ಲಿ ಒಬ್ಬರು ಇರಬೇಕು. ಸ್ನಾನದ ಮನೆಯಲ್ಲಿ ಮಷೀನ್ ಇಡುವ ಸಲಹೆಯನ್ನು ಹಲವರು ಕೊಡುತ್ತಾರೆ. ನಾನು ಕೊಡುವುದಿಲ್ಲ. ಮೈ ಒದ್ದೆ, ನೆಲ ಒದ್ದೆ, ಪಕ್ಕದಲ್ಲಿ ಕರೆಂಟಿನ ತಗಡು ಪೆಟ್ಟಿಗೆ ಎಂಬುದು ಜೀವಕ್ಕೆ ಅಪಾಯದ ಜೋಡಿ.

ಒಪ್ಪಿದರೆ, ಕೆಲಸ ಮುಗಿದ ದಿನ ಪ್ಲಂಬರ್‌ಗೆ ಪೂರ್ತಿ ದುಡ್ಡು ಕೊಡುವ ಮೊದಲು ಚಿಕ್ಕ ಪ್ರೋಗ್ರಾಂ ಒಂದನ್ನು ಬಟ್ಟೆಯಿಲ್ಲದೆ ಕೊನೆಯವರೆಗೆ ಓಡಿಸಿ. ನಲ್ಲಿಯ ಬುಡಕ್ಕೂ ಇನ್ಲೆಟ್ ಪೈಪಿನ ಎರಡೂ ತುದಿಗೂ ಒಣ ಟಿಶ್ಯೂ ಕಾಗದ ಸುತ್ತಿಡಿ, ಕಣ್ಣಿಗೆ ಕಾಣದ ಜಿನುಗು ಅದರಲ್ಲಿ ಗೊತ್ತಾಗುತ್ತದೆ. ನೀರು ಹೊರಹೋಗುವಾಗ ಜಾಲಿಯ ಬಳಿ ನಿಂತು ನೋಡಿ. ಮರುದಿನ ಮತ್ತು ಒಂದು ವಾರದ ನಂತರ ನಲ್ಲಿಯ ಸುತ್ತಲಿನ ಗೋಡೆಯನ್ನು, ಅದರ ಹಿಂಬದಿಯನ್ನೂ ಕೈಯಿಂದ ಮುಟ್ಟಿ ನೋಡಿ. ತಣ್ಣಗೆ ಒದ್ದೆ ಅನಿಸಿದರೆ ಅಥವಾ ಬಣ್ಣ ಉಬ್ಬಿದರೆ ಒಳಗಿನ ಎಲ್ಬೋ ಸೋರುತ್ತಿದೆ ಎಂದರ್ಥ. ಕೂಡಲೇ ಆ ಲೈನಿನ ವಾಲ್ವ್ ಮುಚ್ಚಿ ಓನರ್‌ಗೆ ನೀವೇ ಮೊದಲು ತಿಳಿಸಿ. ಮಷೀನ್ ನಿಂತ ಮೇಲೆ ಅದರ ಕಡೆಯ ನಲ್ಲಿಯನ್ನು ಪ್ರತಿ ಸಲವೂ ಮುಚ್ಚಿಬಿಡಿ, ಇಲ್ಲದಿದ್ದರೆ ಇನ್ಲೆಟ್ ಪೈಪ್ ಹಗಲೂ ರಾತ್ರಿ ಟ್ಯಾಂಕಿನ ಒತ್ತಡ ತಡೆದುಕೊಂಡೇ ಇರುತ್ತದೆ. ತಿಂಗಳಿಗೊಮ್ಮೆ ಜಾಲಿ ಎತ್ತಿ ಟ್ರ್ಯಾಪ್‌ನ ನಾರು ತೆಗೆಯಿರಿ. ಅಡುಗೆಮನೆಯ ಜಿಡ್ಡಿಗೆ ಬಟ್ಟೆಯ ನಾರು ಸೇರಿದರೆ ಬೇಗ ಗಟ್ಟಿಯಾಗುತ್ತದೆ.